ಸರಣಿಯನ್ನಲ್ಲ, ಮರಳುವಿಕೆಯನ್ನು ಎಣಿಸುವ ಹಾಳೆ: ಬೆಳಗಿನ ದಿನಚರಿಗೆ ಒಂದು ಸ್ಪ್ರೆಡ್‌ಶೀಟ್ ಕಟ್ಟಿದ ವಿವರ

ಅಭ್ಯಾಸಗಳನ್ನು ದಾಖಲಿಸುವ ಬಹುತೇಕ ಆ್ಯಪ್‌ಗಳು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ತೋರಿಸುವುದು ಒಂದೇ ಅಂಕಿಯನ್ನು, ಅಂದರೆ ಒಂದು ದಿನವೂ ತಪ್ಪದೆ ನಡೆದ ದಿನಗಳ ಸರಣಿ ಎಷ್ಟು ಉದ್ದವಾಗಿದೆ ಎಂಬುದನ್ನು. ಬೆಳಗಿನ ದಿನಚರಿಗೆಂದು ನಾನು ಸ್ವಂತ ಹಾಳೆಯೊಂದನ್ನು ಕಟ್ಟಲು ಕುಳಿತಾಗ ಈ ಅಂಕಿಯನ್ನು ಮುಖ್ಯ ಅಳತೆಯಾಗಿ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಯನ್ನೇ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾಯಿತು. ಅದಕ್ಕೆ ಸಣ್ಣದೊಂದು ಲೆಕ್ಕ ಸಾಕಾಯಿತು. ಯಾವುದೇ ಒಂದು ಬೆಳಿಗ್ಗೆ ದಿನಚರಿ ನಡೆಯುವ ಸಾಧ್ಯತೆ ನೂರಕ್ಕೆ 90 ಎಂದುಕೊಳ್ಳೋಣ. ಹೊಸದಾಗಿ ಆರಂಭಿಸಿದವರ ಮಟ್ಟಿಗೆ ಇದು ತುಂಬ ಒಳ್ಳೆಯ ಸಾಧನೆ. ಆದರೂ 28 ದಿನ ಒಂದೇ ಒಂದು ದಿನವೂ ತಪ್ಪದಿರುವ ಸಾಧ್ಯತೆ 0.9 ಅನ್ನು ಅದರಿಂದಲೇ 28 ಬಾರಿ ಗುಣಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 5 ಮಾತ್ರ. ದಿನದ ಸಾಧ್ಯತೆಯನ್ನು 95ಕ್ಕೆ ಏರಿಸಿದರೂ ಈ ಅಂಕಿ 24ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೀಗಾಗಿ ಸರಣಿ ಮುರಿಯುವುದು ಅಪಘಾತವಲ್ಲ, ಚೆನ್ನಾಗಿ ನಡೆಯುತ್ತಿರುವ ದಿನಚರಿಯಲ್ಲಿಯೂ ಮೊದಲ ತಿಂಗಳಲ್ಲಿ ಬಹುತೇಕ ಖಚಿತವಾಗಿ ಆಗುವ ಸಂಗತಿ. ಖಚಿತವಾಗಿ ಆಗಲಿರುವುದು ಆದ ಕೂಡಲೇ ಸೊನ್ನೆಗೆ ಬೀಳುವ ಅಳತೆಯನ್ನು ಹಾಳೆಯ ತಲೆಯ ಮೇಲೆ ಕೂರಿಸುವುದು ವಿನ್ಯಾಸದ ದೋಷ ಎಂದು ನನಗೆ ಅನ್ನಿಸಿತು.

ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ನಿಜವಾಗಿ ಎಷ್ಟು ಹಾನಿಯಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಮಂದಿ ತಾವೇ ಆರಿಸಿಕೊಂಡ ಒಂದು ಕೆಲಸವನ್ನು ಪ್ರತಿದಿನ ಒಂದೇ ಸಂದರ್ಭದಲ್ಲಿ 12 ವಾರ ಮಾಡುತ್ತಾ, ಅದು ಎಷ್ಟರಮಟ್ಟಿಗೆ ತಾನಾಗಿಯೇ ಆಗುತ್ತಿದೆ ಎಂಬುದನ್ನು ದಾಖಲಿಸಿದರು. ಆ ದಾಖಲೆಗಳ ಏರಿಕೆಯನ್ನು ಮುಂದಕ್ಕೆ ಅಂದಾಜಿಸಿ ನೋಡಿದಾಗ, ಅಭ್ಯಾಸ ಗಟ್ಟಿಯಾಗಲು ಬೇಕಾದ ಕಾಲ 18 ದಿನಗಳಿಂದ 254 ದಿನಗಳವರೆಗೆ ಹರಡಿತ್ತು, ಅದರ ಮಧ್ಯಾಂಕ 66 ದಿನ. ನನ್ನ ಕೆಲಸಕ್ಕೆ ಬೇಕಾದ ಸಂಗತಿ ಈ ಅಂಕಿಗಳಿಗಿಂತಲೂ ಮುಖ್ಯವಾದದ್ದು: ನಡುವೆ ಒಂದು ಅವಕಾಶ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವ ಹಾದಿಗೆ ಗಣನೀಯ ಪೆಟ್ಟು ಬೀಳಲಿಲ್ಲ. ಆದರೆ ಪರದೆಯ ಮೇಲೆ ಕಾಣುವ ಮುರಿದ ಸರಣಿಗೆ ತನ್ನದೇ ಆದ ಪರಿಣಾಮವಿದೆ. ಜ್ಯಾಕಿ ಸಿಲ್ವರ್‌ಮನ್ ಮತ್ತು ಅಲಿಕ್ಸಾಂಡ್ರಾ ಬಾರಾಶ್ 2023ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮಾಡಿದ ಕೆಲಸ ಅಷ್ಟೇ ಇದ್ದಾಗಲೂ ತಮ್ಮ ಸರಣಿ ಮುರಿದಿದೆ ಎಂದು ದಾಖಲೆ ಎತ್ತಿ ತೋರಿಸಿದಾಗ ಜನ ಅದನ್ನು ಮುಂದುವರಿಸುವುದು ಕಡಿಮೆಯಾಗಿತ್ತು. ಈ ಎರಡನ್ನೂ ಒಟ್ಟಿಗೆ ಇಟ್ಟರೆ ಹಾಳೆಯ ಗುರಿ ಸ್ಪಷ್ಟವಾಗುತ್ತದೆ. ಮೊದಲ ತಪ್ಪಿನಿಂದ ಹೆಚ್ಚು ನಷ್ಟವಿಲ್ಲ. ಆ ತಪ್ಪನ್ನು ನೋಡಿ ಎರಡನೆಯ ದಿನವನ್ನೂ ಬಿಟ್ಟುಕೊಡುವುದರಲ್ಲಿಯೇ ನಷ್ಟವಿದೆ. ಆದ್ದರಿಂದ ತಪ್ಪಿದ ಮೇಲೆ ಎಷ್ಟು ಬೇಗ ಮರಳಲಾಯಿತು ಎಂಬುದನ್ನು ಹಾಳೆ ಅಳೆಯಬೇಕು.

ಏನನ್ನು ಗುರುತು ಹಾಕುವುದು

ದಿನಚರಿಯಲ್ಲಿ ಮೂರು ಹೆಜ್ಜೆಗಳಿದ್ದವು: ಅಲಾರಂ ಆದ ಹತ್ತು ನಿಮಿಷದೊಳಗೆ ಹಾಸಿಗೆ ಬಿಡುವುದು, 15 ನಿಮಿಷ ವ್ಯಾಯಾಮ, 20 ನಿಮಿಷ ಓದು. ಮೂರಕ್ಕೂ ಒಂದೊಂದು ಅಂಕಣ ಇಟ್ಟು, ಮೂರೂ ಆದರೆ ಮಾತ್ರ ದಿನ ಗೆದ್ದಂತೆ ಎಂದು ನಿಯಮ ಮಾಡುವುದು ಸಹಜವಾಗಿ ಹೊಳೆಯುವ ದಾರಿ. ಇಲ್ಲಿಯೂ ಗುಣಾಕಾರ ಕೆಡಿಸುತ್ತದೆ. ಮೂರೂ ಹೆಜ್ಜೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ನೂರಕ್ಕೆ 90ರಂತೆ ನಡೆದರೆ ಮೂರೂ ಒಟ್ಟಿಗೆ ಆಗುವುದು ನೂರಕ್ಕೆ 73 ದಿನ ಮಾತ್ರ, ಅಂದರೆ ವಾರಕ್ಕೆ ಸುಮಾರು ಎರಡು ಸೋಲು. ಹಾಗಾಗಿ ನಡುವಿನ ಹೆಜ್ಜೆಯಾದ ವ್ಯಾಯಾಮವೊಂದನ್ನೇ ಗುರುತು ಹಾಕಲು ಆರಿಸಿಕೊಂಡೆ. ಹಾಸಿಗೆ ಬಿಡದೆ ವ್ಯಾಯಾಮ ಆಗುವುದಿಲ್ಲ, ವ್ಯಾಯಾಮ ಮುಗಿದವರು ಓದಲು ಕೂರುವುದು ಅಷ್ಟೇನೂ ಕಷ್ಟವಲ್ಲ. ನಡುವಿನ ಕೊಂಡಿಯನ್ನು ಗಮನಿಸಿದರೆ ಉಳಿದೆರಡರ ಸುದ್ದಿಯೂ ಬಹುಮಟ್ಟಿಗೆ ತಿಳಿಯುತ್ತದೆ.

ಗುರುತುಗಳು ನಾಲ್ಕು. `F` ಎಂದರೆ ಪೂರ್ತಿ 15 ನಿಮಿಷ ನಡೆದದ್ದು. `M` ಎಂದರೆ ಕನಿಷ್ಠ ರೂಪ: ಅದೇ ಜಾಗದಲ್ಲಿ, ಅದೇ ಚಾಪೆಯ ಮೇಲೆ, ಅದೇ ಹೊತ್ತಿನಲ್ಲಿ ಎರಡು ನಿಮಿಷ ಮೈ ಸಡಿಲಿಸುವ ಚಲನೆಗಳು. `X` ಎಂದರೆ ತಪ್ಪಿದ್ದು. `P` ಎಂದರೆ ಮೊದಲೇ ತಿಳಿಸಿ ಪಡೆದ ವಿರಾಮ.

ಇವುಗಳಲ್ಲಿ `M` ಕುರಿತು ಕೊಂಚ ಕಟ್ಟುನಿಟ್ಟು ಬೇಕು. ಸಂಜೆ ಬಿಡುವಾದಾಗ ಮಾಡಿದ ಅರ್ಧ ಗಂಟೆಯ ನಡಿಗೆ ಆರೋಗ್ಯಕ್ಕೆ ಹೆಚ್ಚು ಒಳ್ಳೆಯದಿರಬಹುದು, ಆದರೆ ಅದಕ್ಕೆ ಇಲ್ಲಿ `M` ಸಿಗುವುದಿಲ್ಲ. ಅಭ್ಯಾಸವಾಗಬೇಕಿರುವುದು ಅಲಾರಂ ಮತ್ತು ಚಾಪೆಯ ನಡುವಿನ ನಂಟು. ಎರಡು ನಿಮಿಷವಾದರೂ ಆ ನಂಟು ಒಮ್ಮೆ ನಡೆದಂತಾಗುತ್ತದೆ, ಸಂಜೆಯ ನಡಿಗೆಯಿಂದ ಅದು ನಡೆಯುವುದಿಲ್ಲ. ಕನಿಷ್ಠ ರೂಪ ಎಷ್ಟು ಚಿಕ್ಕದಿರಬೇಕು ಎಂದರೆ, ನಿದ್ದೆಗೆಟ್ಟ ಬೆಳಿಗ್ಗೆಯೂ ಅದನ್ನು ಮಾಡಬೇಕೋ ಬೇಡವೋ ಎಂಬ ಚರ್ಚೆ ಮುಗಿಯುವ ಮೊದಲೇ ಅದೇ ಮುಗಿದಿರಬೇಕು.

`P` ಗುರುತಿಗೆ ಎರಡು ನಿಯಮಗಳಿವೆ. ಹಿಂದಿನ ರಾತ್ರಿ ಮಲಗುವ ಮೊದಲೇ ಅದನ್ನು ಬರೆದಿರಬೇಕು, ಮತ್ತು 28 ದಿನಗಳ ಕಿಟಕಿಯಲ್ಲಿ, ಅಂದರೆ ಹಾಳೆ ಲೆಕ್ಕಕ್ಕೆ ತೆಗೆದುಕೊಳ್ಳುವ ಕಳೆದ ನಾಲ್ಕು ವಾರಗಳ ಅವಧಿಯಲ್ಲಿ, ನಾಲ್ಕಕ್ಕಿಂತ ಹೆಚ್ಚು ಇರಬಾರದು. ಕಾಯಿಲೆ ಬಿದ್ದಾಗ ಮಾತ್ರ ಅದೇ ದಿನ ಬರೆಯಬಹುದು. ಮಿತಿಯಿರುವ ವಿರಾಮದ ಯೋಚನೆಗೆ ಆಧಾರವಾದದ್ದು ಮರಿಸಾ ಶರೀಫ್ ಮತ್ತು ಸೂಜನ್ ಶು ಅವರು 2017ರಲ್ಲಿ ಪ್ರಕಟಿಸಿದ ಅಧ್ಯಯನ. ಗುರಿಯನ್ನು ಕಠಿಣವಾಗಿಯೇ ಇಟ್ಟು, ತುರ್ತಿಗೆಂದು ಕೆಲವು ದಿನಗಳನ್ನು ತೆಗೆದಿರಿಸಿದಾಗ ಜನ ಹೆಚ್ಚು ಕಾಲ ಪಟ್ಟು ಹಿಡಿದು ಮುಂದುವರಿಯುತ್ತಾರೆ ಎಂದು ಅವರು ಕಂಡರು. ಆ ದಿನಗಳನ್ನು ಬಳಸಲು ಸ್ವಲ್ಪ ಬೆಲೆ ತೆರಬೇಕೆನ್ನಿಸಿದರೆ ಜನ ಅವನ್ನು ಸುಮ್ಮಸುಮ್ಮನೆ ಖರ್ಚು ಮಾಡುವುದಿಲ್ಲ, ಆದರೆ ಇದೆ ಎಂಬ ಧೈರ್ಯ ಉಳಿಯುತ್ತದೆ. ಹಿಂದಿನ ರಾತ್ರಿಯೇ ಬರೆಯಬೇಕೆಂಬ ನಿಯಮ ನನ್ನ ಹಾಳೆಯಲ್ಲಿ ಆ ಬೆಲೆಯ ಕೆಲಸ ಮಾಡುತ್ತದೆ; ಬೆಳಿಗ್ಗೆ ಹೊದಿಕೆಯ ಒಳಗಿನಿಂದ ಬರೆಯುವ `P` ಅರ್ಜಿಯಲ್ಲ, ನೆಪ.

ಹಾಳೆ ಮತ್ತು ಅದರ ಸೂತ್ರಗಳು

ಗೂಗಲ್ ಶೀಟ್ಸ್‌ನಲ್ಲಿ ಕಟ್ಟಿದ್ದರೂ ಕೆಳಗಿನ ಸೂತ್ರಗಳು ಎಕ್ಸೆಲ್‌ನಲ್ಲಿಯೂ ಇದ್ದ ಹಾಗೆಯೇ ನಡೆಯುತ್ತವೆ. `A` ಅಂಕಣದಲ್ಲಿ ದಿನಾಂಕಗಳನ್ನು ಮುಂದಿನ ಕೆಲವು ತಿಂಗಳಿಗೆ ಮೊದಲೇ ಎಳೆದು ತುಂಬಿರಬೇಕು. `B`ಯಲ್ಲಿ ಹಿಂದಿನ ರಾತ್ರಿ ದೀಪ ಆರಿಸಿದ ಹೊತ್ತು, `C`ಯಲ್ಲಿ ಗುರುತು, `D`ಯಲ್ಲಿ ತಪ್ಪಿದ್ದಕ್ಕೆ ಕಾರಣ ನಾಲ್ಕಾರು ಪದಗಳಲ್ಲಿ. `E` ಅಂಕಣ ಇಡೀ ಹಾಳೆಯ ಬೆನ್ನೆಲುಬು. ಅದಕ್ಕೆ ಅಂತರ ಎಂದು ಹೆಸರಿಟ್ಟೆ. ಎರಡನೆಯ ಸಾಲಿನಲ್ಲಿ ಇದನ್ನು ಬರೆದು ಕೆಳಗೆ ಎಳೆದರಾಯಿತು:

```
=IF(A2>TODAY(),"",IF(OR(C2="F",C2="M"),0,IF(C2="P",N(E1),N(E1)+1)))
```

ಇದನ್ನು ಮಾತಿನಲ್ಲಿ ಹೇಳುವುದಾದರೆ: ದಿನಾಂಕ ಇನ್ನೂ ಬಂದಿಲ್ಲದಿದ್ದರೆ ಸೆಲ್ ಖಾಲಿಯಾಗಿ ಕಾಣಲಿ, ಪೂರ್ತಿಯಾಗಲಿ ಕನಿಷ್ಠವಾಗಲಿ ನಡೆದಿದ್ದರೆ ಅಂತರ ಸೊನ್ನೆ, ವಿರಾಮವಾಗಿದ್ದರೆ ನಿನ್ನೆಯ ಅಂತರವೇ ಮುಂದುವರಿಯಲಿ, ಇವು ಯಾವುವೂ ಅಲ್ಲದಿದ್ದರೆ ಒಂದು ಹೆಚ್ಚಲಿ. ಮೊದಲ ಸಾಲಿನಲ್ಲಿ ಶೀರ್ಷಿಕೆಯ ಪಠ್ಯ ಇರುವುದರಿಂದ `N()` ಬೇಕಾಗುತ್ತದೆ, ಅದು ಪಠ್ಯವನ್ನು ಸೊನ್ನೆ ಎಂದು ಓದುತ್ತದೆ. ಗುರುತು ಹಾಕದೆ ಬಿಟ್ಟ ದಿನವೂ ಇಲ್ಲಿ ತಪ್ಪಿದ ದಿನವೆಂದೇ ಎಣಿಕೆಯಾಗುತ್ತದೆ. ಖಾಲಿ ಸೆಲ್‌ಗಳನ್ನು ಲೆಕ್ಕದಿಂದ ಹೊರಗಿಟ್ಟರೆ ಕೆಟ್ಟ ವಾರಗಳನ್ನು ತುಂಬದೇ ಬಿಡುವ ಆಮಿಷ ಹುಟ್ಟುತ್ತದೆ, ಆಗ ಹಾಳೆ ಚೆನ್ನಾಗಿಯೂ ದಿನಚರಿ ಹದಗೆಟ್ಟೂ ಇರುತ್ತದೆ.

ವಿರಾಮದ ದಿನ ಅಂತರವನ್ನು ಸೊನ್ನೆ ಮಾಡದೆ ಹಿಂದಿನ ಅಂಕಿಯನ್ನೇ ಹೊರಿಸುವುದು ಉದ್ದೇಶಪೂರ್ವಕ. ಎರಡು ದಿನ ತಪ್ಪಿದ ಮೇಲೆ ಒಂದು `P` ಬರೆದರೆ ಅಂತರ ಎರಡರಲ್ಲೇ ನಿಂತಿರುತ್ತದೆ. ಅದನ್ನು ಇಳಿಸುವ ಶಕ್ತಿ ಇರುವುದು ಚಾಪೆಯ ಮೇಲೆ ಕಳೆದ ಎರಡು ನಿಮಿಷಕ್ಕೆ ಮಾತ್ರ.

ಎರಡನೆಯ ಅಳತೆ, ಕಳೆದ 28 ದಿನಗಳಲ್ಲಿ ನಡೆದ ದಿನಗಳ ಪ್ರಮಾಣ. 30 ದಿನದ ಬದಲು 28 ಏಕೆಂದರೆ ಅದು ಸರಿಯಾಗಿ ನಾಲ್ಕು ವಾರ. ವಾರದ ಪ್ರತಿಯೊಂದು ದಿನವೂ ನಾಲ್ಕೇ ಸಲ ಬರುವುದರಿಂದ, ಒಂದು ಕಿಟಕಿಯಲ್ಲಿ ಭಾನುವಾರಗಳು ಹೆಚ್ಚಾಗಿ ಇನ್ನೊಂದರಲ್ಲಿ ಕಡಿಮೆಯಾಗಿ ಅಂಕಿ ಸುಮ್ಮನೆ ಓಲಾಡುವುದಿಲ್ಲ. `H1`ರಿಂದ `H4`ರವರೆಗಿನ ಸೆಲ್‌ಗಳು ಹೀಗಿವೆ:

```
H1: =MAX(MIN(A:A),TODAY()-27)
H2: =COUNTIFS(A:A,">="&H1,A:A,"<="&TODAY(),C:C,"F")
    +COUNTIFS(A:A,">="&H1,A:A,"<="&TODAY(),C:C,"M")
H3: =COUNTIFS(A:A,">="&H1,A:A,"<="&TODAY(),C:C,"P")
H4: =H2/(TODAY()-H1+1-H3)
```

`H1` ಕಿಟಕಿಯ ಮೊದಲ ದಿನ. ಅಲ್ಲಿ `MAX` ಇಲ್ಲದೆ ಸದಾ 28ರಿಂದಲೇ ಭಾಗಿಸಿದರೆ ಮೊದಲ ತಿಂಗಳು ಅಂಕಿ ಅನ್ಯಾಯವಾಗಿ ಕೆಳಗಿರುತ್ತದೆ: ಹನ್ನೆರಡು ದಿನಗಳಲ್ಲಿ ಹನ್ನೊಂದು ದಿನ ನಡೆಸಿದವರಿಗೂ 39 ಎಂದು ತೋರಿಸುತ್ತದೆ, ನಿಜವಾಗಿ ಅದು 92. `H4` ಅನ್ನು ಶೇಕಡಾವಾರು ರೂಪಕ್ಕೆ ಬದಲಿಸಬೇಕು. ದಿನಾಂಕದ ರೂಪದಲ್ಲಿ ಉಳಿದುಬಿಟ್ಟರೆ ಅಲ್ಲಿ 1899ನೇ ಇಸವಿಯ ದಿನಾಂಕವೊಂದು ಕಾಣಿಸಿಕೊಂಡು ಗಾಬರಿ ಹುಟ್ಟಿಸಬಹುದು. ಇನ್ನೊಂದು ಸೆಟ್ಟಿಂಗ್ ಅನ್ನು ಮರೆಯಬಾರದು. ಗೂಗಲ್ ಶೀಟ್ಸ್‌ನಲ್ಲಿ `TODAY()` ನೋಡುವುದು ಫೋನಿನ ಗಡಿಯಾರವನ್ನಲ್ಲ, ಆ ಹಾಳೆಗೆ ನಿಗದಿಯಾದ ಸಮಯ ವಲಯವನ್ನು. ಅದು `File` ಕೆಳಗಿನ `Settings`ನಲ್ಲಿದೆ. ವಲಯ ಬೇರೆಯಿದ್ದರೆ ದಿನ ಬದಲಾಗುವುದು ನಡುರಾತ್ರಿಯಲ್ಲಲ್ಲ, ಬೇರೆ ಯಾವುದೋ ಹೊತ್ತಿನಲ್ಲಿ. ಬೆಳಿಗ್ಗೆ ಹಾಕಿದ ಗುರುತಿನ ಎದುರು ಅಂತರದ ಸೆಲ್ ಇನ್ನೂ ಖಾಲಿಯೇ ಇದ್ದರೆ ಕಾರಣ ಬಹುಶಃ ಇದೇ.

ಸರಣಿಯ ಉದ್ದಕ್ಕೆ ಹಾಳೆಯಲ್ಲಿ ಅಂಕಣವನ್ನೇ ಇಡಲಿಲ್ಲ. ಇಟ್ಟು ಮರೆಮಾಡಿದರೂ ಕೈ ಅಲ್ಲಿಗೇ ಹೋಗುತ್ತದೆ. ಬಣ್ಣಗಳ ವಿಷಯದಲ್ಲಿಯೂ ಅದೇ ನೀತಿ: `F` ಮತ್ತು `M` ಎರಡಕ್ಕೂ ಒಂದೇ ಹಸಿರಿನ ಎರಡು ಛಾಯೆಗಳು, `X`ಗೆ ತಿಳಿ ಬೂದು. ತಪ್ಪಿದ ದಿನಕ್ಕೆ ಕೆಂಪು ಬಣ್ಣ ಕೊಟ್ಟರೆ ತಿಂಗಳ ಪುಟದಲ್ಲಿ ಇಪ್ಪತ್ತು ಹಸಿರು ಚೌಕಗಳನ್ನು ಬಿಟ್ಟು ಕಣ್ಣು ಆ ಮೂರು ಕೆಂಪಿನ ಮೇಲೆಯೇ ನಿಲ್ಲುತ್ತದೆ.

ಯಾವಾಗ ತುಂಬುವುದು

ಬೆಳಿಗ್ಗೆ ಎದ್ದೊಡನೆ ಫೋನಿನಲ್ಲಿ ಹಾಳೆ ತೆರೆಯುವ ವ್ಯವಸ್ಥೆ ಹೆಚ್ಚು ಬಾಳುವುದಿಲ್ಲ, ಏಕೆಂದರೆ ಹಾಳೆಗಿಂತ ಮೊದಲು ರಾತ್ರಿ ಬಂದ ಸಂದೇಶಗಳು ಕಾಣುತ್ತವೆ. ಹಾಗಾಗಿ ಹಾಸಿಗೆಯ ಬಳಿ ಒಂದು ಕಾಗದ ಮತ್ತು ಪೆನ್ಸಿಲ್ ಇಟ್ಟೆ. ದೀಪ ಆರಿಸುವಾಗ ಹೊತ್ತು, ಬೆಳಿಗ್ಗೆ ಗುರುತು, ಅದರಲ್ಲಿ ಅಷ್ಟೇ. ಸ್ಪ್ರೆಡ್‌ಶೀಟಿಗೆ ಇವುಗಳನ್ನು ಸಂಜೆ ಏರಿಸುತ್ತೇನೆ.

ಸಂಜೆಯ ಹೊತ್ತು ಆರಿಸಿಕೊಂಡದ್ದರಿಂದ ಅಂತರದ ಅಂಕಣಕ್ಕೆ ಸ್ಪಷ್ಟ ಅರ್ಥ ಬಂತು. ಇಂದಿನ ಗುರುತು ಹಾಕಿದ ಮೇಲೆ ಅಲ್ಲಿ ಸೊನ್ನೆ ಇದ್ದರೆ ಮಾಡಬೇಕಾದದ್ದೇನೂ ಇಲ್ಲ. ಒಂದು ಇದ್ದರೆ ನಾಳೆಯ ಬೆಳಿಗ್ಗೆ ಮರಳುವ ಬೆಳಿಗ್ಗೆ. ಆಗ ಇಂದಿನ ದಿನಾಂಕದ ಸಾಲು ಹಳದಿಯಾಗುವಂತೆ ಷರತ್ತು ನೋಡಿ ಬಣ್ಣ ಬದಲಿಸುವ `Conditional formatting`ಗೆ ಈ ಸೂತ್ರ ಕೊಟ್ಟಿದ್ದೇನೆ:

```
=AND($A2=TODAY(),$E2=1)
```

ಹಳದಿ ಕಂಡ ಸಂಜೆ ಮಾಡುವ ಕೆಲಸಗಳು ಮೊದಲೇ ನಿಗದಿಯಾಗಿವೆ: ಕಾರಣವನ್ನು `D` ಅಂಕಣದಲ್ಲಿ ಬರೆಯುವುದು, ಚಾಪೆಯನ್ನು ಈಗಲೇ ಹಾಸಿಡುವುದು, ನಾಳೆಯ ಗುರಿಯನ್ನು `M`ಗೆ ಇಳಿಸುವುದು. ಮೂರನೆಯದು ಮುಖ್ಯ. ತಪ್ಪಿದ ಮರುದಿನ ಅದನ್ನು ಸರಿದೂಗಿಸಲೆಂದು ಅರ್ಧ ಗಂಟೆ ಮಾಡುವ ಸಂಕಲ್ಪ ಕೇಳಲು ಚೆನ್ನಾಗಿರುತ್ತದೆ, ಆದರೆ ಮೊದಲೇ ಜಾರಿದ ದಿನಚರಿಯ ಮೇಲೆ ಅದು ಎರಡರಷ್ಟು ಭಾರ ಹೇರುತ್ತದೆ. ಮರಳುವ ಬೆಳಿಗ್ಗೆ ಎರಡು ನಿಮಿಷ ಸಾಕು. ಚಾಪೆಯ ಮೇಲೆ ನಿಂತ ಮೇಲೆ ಹದಿನೈದು ನಿಮಿಷವಾದರೆ ಆಗಲಿ, ಅದು ಲೆಕ್ಕಕ್ಕೆ ಬೇಕಿಲ್ಲ.

ಒಂದು ಪುಟದ ಪರೀಕ್ಷೆ

ಸೂತ್ರಗಳನ್ನು ಪರೀಕ್ಷಿಸಲು ನಿಜವಾದ ದಾಖಲೆ ಬೇಕಿತ್ತು. ಇದೇ ದಿನಚರಿಯನ್ನು ಸರಣಿ ತೋರಿಸುವ ಆ್ಯಪ್ ಒಂದರಲ್ಲಿ ನಡೆಸುತ್ತಿದ್ದ ಗೆಳತಿಯೊಬ್ಬರು ತಮ್ಮ ನಾಲ್ಕು ವಾರಗಳ ಗುರುತುಗಳನ್ನೂ, ಮಲಗಿದ ಹೊತ್ತನ್ನೂ, ತಪ್ಪಿದ ದಿನಗಳಿಗೆ ತಾವು ಬರೆದಿಟ್ಟ ಕಾರಣಗಳನ್ನೂ ಕೊಟ್ಟರು. ಮೊದಲ ಹನ್ನೊಂದು ದಿನ ತಪ್ಪಿಲ್ಲ. ಹನ್ನೆರಡನೆಯ ದಿನ ತಪ್ಪಿತು. ಹದಿಮೂರರಿಂದ ಹದಿನೇಳರವರೆಗೆ ನಡೆಯಿತು. ಹದಿನೆಂಟು, ಹತ್ತೊಂಬತ್ತು ತಪ್ಪಿದವು. ನಂತರದ ಮೂರು ದಿನ ಪ್ರಯಾಣವಿದ್ದದ್ದರಿಂದ ಮೊದಲೇ ವಿರಾಮವೆಂದು ಗೊತ್ತುಪಡಿಸಿದ್ದರು. ಇಪ್ಪತ್ತಮೂರರಿಂದ ಇಪ್ಪತ್ತೆಂಟರವರೆಗೆ ಮತ್ತೆ ನಡೆಯಿತು.

ಇಪ್ಪತ್ತೆಂಟನೆಯ ಸಂಜೆ ಅವರ ಆ್ಯಪ್ ತೋರಿಸುತ್ತಿದ್ದದ್ದು 6. ಅದೇ ಗುರುತುಗಳನ್ನು ನನ್ನ ಹಾಳೆಗೆ ಹಾಕಿದಾಗ ಬಂದದ್ದು: ನಡೆದ ದಿನ 22, ವಿರಾಮ 3, ಆದ್ದರಿಂದ 25ರಲ್ಲಿ 22, ಅಂದರೆ ಶೇಕಡ 88. ಒಂದೇ ತಿಂಗಳನ್ನು ಒಂದು ಅಳತೆ ಆರು ದಿನದ ಹಿಂದೆ ಆರಂಭವಾದ ಪ್ರಯತ್ನವೆಂದು ಹೇಳಿದರೆ ಇನ್ನೊಂದು ಗಟ್ಟಿಯಾಗುತ್ತಿರುವ ದಿನಚರಿ ಎಂದು ಹೇಳಿತು.

ಆದರೆ ನನ್ನ ಕುತೂಹಲ ಕೆರಳಿಸಿದ್ದು ಪ್ರಮಾಣವಲ್ಲ, ಅಂತರದ ಅಂಕಣ. ಹನ್ನೆರಡನೆಯ ದಿನ ಅದು ಒಂದಕ್ಕೇರಿ ಮರುದಿನ ಸೊನ್ನೆಗೆ ಇಳಿದಿತ್ತು. ಹದಿನೆಂಟರಂದು ಒಂದು, ಹತ್ತೊಂಬತ್ತರಂದು ಎರಡು. ಪ್ರಯಾಣದ ಮೂರೂ ದಿನ ಎರಡರಲ್ಲೇ ನಿಂತು, ಇಪ್ಪತ್ತಮೂರರಂದು ಸೊನ್ನೆಯಾಯಿತು. ಮೂರು ತಪ್ಪುಗಳಿಗೆ ಬರೆದ ಕಾರಣಗಳನ್ನು ಪಕ್ಕದಲ್ಲಿಟ್ಟು ಓದಿದೆ. ಹನ್ನೆರಡು: ರಾತ್ರಿ ತಡವಾಯಿತು. ಹದಿನೆಂಟು: ರಾತ್ರಿ ತಡವಾಯಿತು. ಹತ್ತೊಂಬತ್ತು: ನಿನ್ನೆಯೇ ತಪ್ಪಿತ್ತು, ಪ್ರಯಾಣ ಮುಗಿಸಿ ಹೊಸದಾಗಿ ಶುರು ಮಾಡೋಣ ಎಂದುಕೊಂಡೆ.

ಮೊದಲೆರಡು ತಪ್ಪುಗಳಿಗೆ ಹೊರಗಿನ ಅಡ್ಡಿಯಿತ್ತು. ಮೂರನೆಯದಕ್ಕೆ ಅಂಥ ಯಾವ ಅಡ್ಡಿಯೂ ಇರಲಿಲ್ಲ. ಅವರು ಹಿಂದಿನ ರಾತ್ರಿ ಬೇಗ ಮಲಗಿದ್ದರು, ಅಲಾರಂಗೆ ಎಚ್ಚರವೂ ಆಗಿತ್ತು. ಆ ದಿನ ದಿನಚರಿಯನ್ನು ತಡೆದದ್ದು ಪರದೆಯ ಮೇಲಿನ ಸೊನ್ನೆ. ಕಳೆದುಕೊಳ್ಳಲು ಏನೂ ಉಳಿದಿಲ್ಲದಿದ್ದಾಗ ಇನ್ನೊಂದು ದಿನ ಬಿಟ್ಟರೂ ಸೊನ್ನೆ ಸೊನ್ನೆಯೇ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸರಣಿಯ ಎಣಿಕೆಯಲ್ಲಿ ಎರಡನೆಯ ತಪ್ಪಿಗೆ ಬೆಲೆಯೇ ಇಲ್ಲ. ಅಂತರದ ಎಣಿಕೆಯಲ್ಲಿ ಒಂದು ಎರಡಾಗುತ್ತದೆ, ಎರಡು ಮೂರಾಗುತ್ತದೆ. ತಪ್ಪಿನ ನಂತರದ ದಿನಗಳಿಗೂ ಅಲ್ಲಿ ತೂಕವಿದೆ. ಹಾಳೆಯಲ್ಲಿ ಉಳಿದುದೆಲ್ಲವನ್ನೂ ಕಿತ್ತುಹಾಕಿ ಒಂದೇ ಅಂಕಣ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಮಲಗಿದ ಹೊತ್ತಿನ ಲೆಕ್ಕ

ರಾತ್ರಿ ತಡವಾಯಿತು ಎಂಬ ಕಾರಣ ಎರಡು ಸಲ ಬಂದಿದ್ದರಿಂದ `B` ಅಂಕಣವನ್ನು ಪರಿಶೀಲಿಸುವುದು ಸಹಜವಾಗಿತ್ತು. ಇಲ್ಲಿ ಎಲ್ಲರೂ ಬೀಳಬಹುದಾದ ಗುಂಡಿಯೊಂದಿದೆ. ಸ್ಪ್ರೆಡ್‌ಶೀಟ್ ಹೊತ್ತನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ, ಮತ್ತು ನಡುರಾತ್ರಿಗೆ ಅದು ಸೊನ್ನೆಗೆ ಮರಳುತ್ತದೆ. ಹಾಗಾಗಿ ಒಂದು ರಾತ್ರಿ 23:30ಕ್ಕೂ ಇನ್ನೊಂದು ರಾತ್ರಿ 00:30ಕ್ಕೂ ಮಲಗಿದವರ ಸರಾಸರಿ ಕೇಳಿದರೆ ಹಾಳೆ ಮಧ್ಯಾಹ್ನ 12:00 ಎಂದು ಉತ್ತರಿಸುತ್ತದೆ. 23:30ಕ್ಕಿಂತ ತಡವಾದ ರಾತ್ರಿಗಳನ್ನು ಎಣಿಸಲು ಹೇಳಿದರೆ ಎಲ್ಲಕ್ಕಿಂತ ತಡವಾದ ರಾತ್ರಿಗಳೇ ಬಿಟ್ಟುಹೋಗುತ್ತವೆ. ಹೊತ್ತನ್ನು ನಡುರಾತ್ರಿಯಿಂದ ಅಳೆಯದೆ ಹಿಂದಿನ ಮಧ್ಯಾಹ್ನದಿಂದ ಎಷ್ಟು ಗಂಟೆ ಕಳೆಯಿತು ಎಂದು ಅಳೆದರೆ ತೊಂದರೆ ತೀರುತ್ತದೆ:

```
F2: =IF(B2="","",MOD(B2-0.5,1)*24)
```

ಈಗ 23:30 ಎಂಬುದು 11.5 ಆಗುತ್ತದೆ, 00:30 ಎಂಬುದು 12.5, ಸರಾಸರಿ 12, ಅಂದರೆ ನಡುರಾತ್ರಿ. `B2` ಖಾಲಿಯೇ ಎಂದು ಮೊದಲು ಪರೀಕ್ಷಿಸದಿದ್ದರೆ ಹೊತ್ತು ಬರೆಯದ ರಾತ್ರಿಗಳೆಲ್ಲ 12 ಎಂದು ಕಂಡು, ಮರೆತವರು ನಡುರಾತ್ರಿಗೆ ಮಲಗಿದವರ ಲೆಕ್ಕಕ್ಕೆ ಸೇರುತ್ತಾರೆ.

ತಡವಾಗಿ ಮಲಗಿ ತಪ್ಪಿಸಿಕೊಂಡ ದಿನಗಳನ್ನು `=COUNTIFS(F:F,">11.5",C:C,"X")` ಎಂದು ಎಣಿಸಬಹುದು. ಗೆಳತಿಯ ಪುಟದಲ್ಲಿ ವಿರಾಮಗಳನ್ನು ಬಿಟ್ಟರೆ ತಡವಾದ ರಾತ್ರಿಗಳು ಆರು. ಅವುಗಳ ಮರುದಿನ ಎರಡು ತಪ್ಪಿದ್ದವು, ಉಳಿದ ನಾಲ್ಕರಲ್ಲಿ ಮೂರು ಎರಡು ನಿಮಿಷದ ಕನಿಷ್ಠ ರೂಪ. ಹೊತ್ತಿಗೆ ಮಲಗಿದ ಹತ್ತೊಂಬತ್ತು ರಾತ್ರಿಗಳ ನಂತರ ತಪ್ಪಿದ್ದು ಒಂದೇ, ಆ ವಿಚಿತ್ರವಾದ ಹತ್ತೊಂಬತ್ತನೆಯ ದಿನ. ಆರು ರಾತ್ರಿಗಳಿಂದ ಸಿದ್ಧಾಂತ ಕಟ್ಟಲಾಗುವುದಿಲ್ಲ. ಆದರೂ ದುರಸ್ತಿ ಎಲ್ಲಿಂದ ಆರಂಭಿಸಬೇಕು ಎಂದು ನಿರ್ಧರಿಸಲು ಇಷ್ಟು ಸಾಕಿತ್ತು. ಬೆಳಗಿನ ಅಲಾರಂ ಅನ್ನು ಮುಟ್ಟದೆ, ರಾತ್ರಿ 22:45ಕ್ಕೆ ಇನ್ನೊಂದು ಅಲಾರಂ ಇಟ್ಟುಕೊಂಡರು. ಅದು ಮೊಳಗಿದಾಗ ಕೈಯಲ್ಲಿದ್ದುದನ್ನು ಮುಗಿಸಿ 23:00ಕ್ಕೆ ದೀಪ ಆರಿಸಬೇಕೆಂಬುದು ಏರ್ಪಾಡು. ಜೊತೆಗೆ ಆ್ಯಪ್ ಬಿಟ್ಟು ಈ ಹಾಳೆಗೆ ಬಂದರು.

ನಂತರದ ನಾಲ್ಕು ವಾರಗಳಲ್ಲಿ ವಿರಾಮವಿರಲಿಲ್ಲ. ತಪ್ಪಿದ ದಿನಗಳು ನಾಲ್ಕು, ಹಿಂದಿನದಕ್ಕಿಂತ ಒಂದು ಹೆಚ್ಚೇ. ಪ್ರಮಾಣ 28ರಲ್ಲಿ 24, ಶೇಕಡ 86. ಹಿಂದಿನ 88ಕ್ಕೆ ಹೋಲಿಸಿದರೆ ಇದು ಕುಸಿತವೆಂದು ಅವರು ಬೇಸರಪಟ್ಟರು. 28 ದಿನಗಳ ಕಿಟಕಿಯಲ್ಲಿ ಒಂದು ದಿನವೇ ಸುಮಾರು ಮೂರೂವರೆ ಅಂಶವಾಗುವುದರಿಂದ ಎರಡು ಅಂಶದ ವ್ಯತ್ಯಾಸಕ್ಕೆ ಅರ್ಥವಿಲ್ಲ ಎಂದು ಹೇಳಬೇಕಾಯಿತು. ಗಮನಿಸಬೇಕಾದದ್ದು ಬೇರೆಡೆ ಇತ್ತು. ನಾಲ್ಕೂ ತಪ್ಪುಗಳು ಒಂಟಿ ತಪ್ಪುಗಳು. ಅಂತರ ಒಮ್ಮೆಯೂ ಎರಡು ಮುಟ್ಟಲಿಲ್ಲ. ಮರಳಿದ ನಾಲ್ಕು ಬೆಳಿಗ್ಗೆಗಳಲ್ಲಿ ಮೂರು `M`, ಒಂದು `F`.

ಹಾಳೆ ಹೇಳಲಾರದ್ದು ಮತ್ತು ಕೆಡುವ ಬಗೆ

ಈ ಏರ್ಪಾಡಿನ ದುರ್ಬಲ ಜಾಗ `M`. ಎರಡು ನಿಮಿಷಕ್ಕೂ ಹಸಿರು ಬಣ್ಣ ಸಿಗುವುದರಿಂದ ಕ್ರಮೇಣ ಎಲ್ಲ ದಿನಗಳೂ ಎರಡು ನಿಮಿಷದ ದಿನಗಳಾಗಿಬಿಡಬಹುದು, ಪ್ರಮಾಣವೂ ಅಂತರವೂ ಇದನ್ನು ಕಂಡುಹಿಡಿಯಲಾರವು. ಅದಕ್ಕಾಗಿ ತಿಂಗಳಿಗೊಮ್ಮೆ ನಡೆದ ದಿನಗಳಲ್ಲಿ `M` ಎಷ್ಟು ಪಾಲು ಎಂದು ನೋಡುತ್ತೇನೆ. ಅರ್ಧಕ್ಕಿಂತ ಹೆಚ್ಚಿದ್ದರೆ ಸೋಮಾರಿತನವೆಂದು ಬಗೆಯುವ ಮೊದಲು ಪೂರ್ತಿ ರೂಪವೇ ದೊಡ್ಡದಾಯಿತೇ ಎಂದು ಕೇಳಿಕೊಂಡು 15 ನಿಮಿಷವನ್ನು 10ಕ್ಕೆ ಇಳಿಸುವುದು ನನ್ನ ರೂಢಿ. ಪ್ರಮಾಣ 60ಕ್ಕಿಂತ ಕೆಳಗಿಳಿದರೂ ಅದೇ ದಾರಿ: ಹೊತ್ತು, ಜಾಗ, ಉದ್ದ ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಿ ನಾಲ್ಕು ವಾರ ನೋಡುವುದು. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸುಧಾರಿಸಿತು ಎಂಬುದು ತಿಳಿಯುವುದಿಲ್ಲ. ಈ ಅರ್ಧ ಮತ್ತು 60 ಎಂಬ ಗಡಿಗಳು ಅನುಭವದ ಅಂದಾಜುಗಳು, ಯಾವ ಅಧ್ಯಯನದಿಂದಲೂ ಬಂದವಲ್ಲ.

ಅಂತರ ನಾಲ್ಕೈದನ್ನು ದಾಟಿದರೆ ಏನು ಮಾಡಬೇಕು ಎಂಬುದಕ್ಕೂ ನಿಯಮ ಬೇಕಾಯಿತು, ಏಕೆಂದರೆ ಏರುತ್ತಾ ಹೋಗುವ ಆ ಅಂಕಿಯೂ ಒಂದು ಹಂತದ ಮೇಲೆ ಸೊನ್ನೆಯ ಸರಣಿಯಷ್ಟೇ ಅಧೈರ್ಯ ತರುತ್ತದೆ. ಒಂಬತ್ತು ಎಂದು ಕಂಡ ಹಾಳೆಯನ್ನು ತೆರೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಆದ್ದರಿಂದ `E` ಅಂಕಣದ ಅಂಕಿ ಐದಕ್ಕಿಂತ ಮೇಲೆ ಏರದಂತೆ ಸೂತ್ರದ ಕೊನೆಯ ಭಾಗವನ್ನು `MIN(5,N(E1)+1)` ಎಂದು ಬದಲಿಸಿದೆ. ಐದು ಕಂಡರೆ ಅದನ್ನು ತಪ್ಪುಗಳ ಸಾಲೆಂದು ಓದದೆ, ದಿನಚರಿ ನಿಂತಿದೆ, ಹೊಸ ವಿನ್ಯಾಸದೊಂದಿಗೆ ಮತ್ತೆ ಆರಂಭಿಸಬೇಕು ಎಂದು ಓದಬೇಕು. ಆಗ ಹಳೆಯ ಹಾಳೆಯನ್ನು ಅಳಿಸುವುದಿಲ್ಲ. ಅದರ ಪ್ರತಿ ಮಾಡಿ ಹೊಸ ದಿನಾಂಕದಿಂದ ಆರಂಭಿಸುತ್ತೇನೆ, ಹಳೆಯದರ `D` ಅಂಕಣವನ್ನು ಹೊಸ ದಿನಚರಿಯ ಹೊತ್ತು ಮತ್ತು ಉದ್ದ ನಿರ್ಧರಿಸಲು ಬಳಸುತ್ತೇನೆ.

ದಾಖಲಿಸುವುದನ್ನು ಯಾವಾಗ ನಿಲ್ಲಿಸಬಹುದು ಎಂದು ಗೆಳತಿ ಕೇಳಿದ್ದರು. ಎಂಟು ವಾರಗಳ ಕಾಲ `E` ಅಂಕಣದಲ್ಲಿ ಒಂದಕ್ಕಿಂತ ದೊಡ್ಡ ಅಂಕಿ ಬಾರದಿದ್ದು, `M` ಪಾಲು ನಾಲ್ಕನೆಯ ಒಂದಕ್ಕಿಂತ ಕಡಿಮೆಯಿದ್ದರೆ ದಿನದ ಗುರುತನ್ನು ಬಿಟ್ಟು ವಾರಕ್ಕೊಮ್ಮೆ ಎಷ್ಟು ದಿನ ನಡೆಯಿತು ಎಂಬುದನ್ನಷ್ಟೇ ಬರೆದರೆ ಸಾಕು ಎಂದು ಹೇಳಿದೆ. ಆ ವಾರದ ಅಂಕಿ ಎರಡು ವಾರ ಸತತವಾಗಿ ಐದಕ್ಕಿಂತ ಕೆಳಗಿಳಿದರೆ ಮತ್ತೆ ದಿನದ ಹಾಳೆಗೆ ಬರಬೇಕು, ಮತ್ತು ಬಂದ ಮೊದಲ ವಾರ ಗುರಿ `M` ಮಾತ್ರ.